ಶನಿವಾರದ ಸಂಜೆ ಭಜನೆ ರೆಕಾರ್ಡ್ ಮಾಡಲು ಅನುಮತಿ ಕೋರಿ ಪತ್ರ

ದಿನಾಂಕ: 12-09-2025
ಹುಬ್ಬಳ್ಳಿ

ಇಂದ:
ಸವಿತಾ ಹಿರೇಗೌಡರ
ಬಿ.ಎ. 5ನೇ ಸೆಮಿಸ್ಟರ್, ಐಚ್ಛಿಕ ಕನ್ನಡ
ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಹುಬ್ಬಳ್ಳಿ

ಗೆ:
ಅಧ್ಯಕ್ಷರು ಮತ್ತು ಸರ್ವ ಸದಸ್ಯರು
ಶ್ರೀ ಮಾರುತಿ ದೇವಸ್ಥಾನ ಟ್ರಸ್ಟ್ ಕಮಿಟಿ
ಕುಂದಗೋಳ, ಧಾರವಾಡ ಜಿಲ್ಲೆ

ವಿಷಯ: ಕಾಲೇಜಿನ ಪ್ರಾಜೆಕ್ಟ್‌ಗಾಗಿ ಎರಡು ಶನಿವಾರ ಸಂಜೆಯ ಭಜನೆಯನ್ನು ಧ್ವನಿಮುದ್ರಣ ಮಾಡಲು ಅನುಮತಿ ಕೋರಿ.

ಮಾನ್ಯರೇ,

ನಮಸ್ಕಾರಗಳು. ಪ್ರತಿ ಶನಿವಾರ ಸಂಜೆ ನಮ್ಮ ಹಣಮಪ್ಪನ ಗುಡಿಯಲ್ಲಿ ನಡೆಯುವ ಭಜನೆಯನ್ನು ಅಕ್ಟೋಬರ್ 4 ಮತ್ತು 11ರಂದು ರೆಕಾರ್ಡ್ ಮಾಡಿಕೊಳ್ಳಲು ಟ್ರಸ್ಟ್ ಅನುಮತಿ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ವಿಡಿಯೋ ಮಾಡುವುದಿಲ್ಲ, ಧ್ವನಿ ಮಾತ್ರ. ನವರಾತ್ರಿಯಲ್ಲಿ ಗುಡಿಯಲ್ಲಿ ಗದ್ದಲ ಜಾಸ್ತಿ ಇರುತ್ತದೆ, ನಿಮಗೂ ಕೆಲಸ ಇರುತ್ತದೆ. ಹಾಗಾಗಿ ದಸರಾ ಮುಗಿದ ಮೇಲಿನ ಶನಿವಾರಗಳನ್ನು ಆರಿಸಿಕೊಂಡಿದ್ದೇನೆ.

ನನ್ನ ಪರಿಚಯ ಕೆಲವರಿಗಾದರೂ ಇರಬಹುದು. ನನ್ನ ತಾಯಿಯ ತವರು ಕುಂದಗೋಳ. ಸೋದರಮಾವನ ಕಿರಾಣಿ ಅಂಗಡಿ ಬಜಾರಿನಲ್ಲಿದೆ. ನಮ್ಮ ಅಜ್ಜ ಇರುವವರೆಗೂ ಭಜನೆಯಲ್ಲಿ ತಾಳ ಹಾಕುತ್ತಿದ್ದರು. ಆದರೂ ಪರಿಚಯ ಇದೆ ಅಂತ ಸುಮ್ನೆ ಫೋನ್ ಹಿಡಿದು ಬಂದು ಕೂತರೆ ಸರಿಯಾಗುವುದಿಲ್ಲ. ಹೀಗಾಗಿ ಬರೆದು ಕೇಳುತ್ತಿದ್ದೇನೆ.

ಈ ಸೆಮಿಸ್ಟರ್‌ನಲ್ಲಿ ನಾವು ಒಂದೊಂದು ಊರಿನ ಹಾಡಿಕೆಯ ಬಗ್ಗೆ ಪ್ರಾಜೆಕ್ಟ್ ಬರೆಯಬೇಕು. ಕುಂದಗೋಳ ಅಂದ ಕೂಡಲೇ ಎಲ್ಲರೂ ಸವಾಯಿ ಗಂಧರ್ವರ ಹೆಸರು ಹೇಳುತ್ತಾರೆ. ಭೀಮಸೇನ ಜೋಶಿಯವರು ಇಲ್ಲಿದ್ದು ಕಲಿತದ್ದು, ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡದ್ದು ಎಲ್ಲರಿಗೂ ಗೊತ್ತು. ಅವರ ಹಾಡು ಬೇಕಾದಷ್ಟು ರೆಕಾರ್ಡ್ ಆಗಿದೆ, ಪುಸ್ತಕಗಳೂ ಇವೆ. ಅದೇ ಊರಿನಲ್ಲಿ ಹೊಲದ ಕೆಲಸ, ಅಂಗಡಿ ಕೆಲಸ ಮುಗಿಸಿ ಬಂದು ಗುಡಿಯಲ್ಲಿ ಹಾಡುವವರ ಹಾಡು ಎಲ್ಲಿ ಸಿಗುತ್ತದೆ? ಶನಿವಾರ ಗುಡಿಗೆ ಬಂದವರಿಗೆ ಮಾತ್ರ. ನನ್ನ ಪ್ರಾಜೆಕ್ಟ್ ಅವರ ಬಗ್ಗೆ.

ಅದರಲ್ಲೂ ಒಂದು ವಿಷಯ ನನಗೆ ಮುಖ್ಯ. ಗಣಪತಿ ಸ್ತುತಿಯಿಂದ ಹಿಡಿದು ಮಂಗಳಾರತಿಯವರೆಗೆ ಯಾವ ಪದ ಆದ ಮೇಲೆ ಯಾವುದು ಬರುತ್ತದೆ, ಅದನ್ನು ಯಾರು ಎತ್ತಿಕೊಳ್ಳುತ್ತಾರೆ, ಧಾಟಿ ಯಾರಿಂದ ಯಾರಿಗೆ ಬಂತು ಎಂಬುದನ್ನು ತಿಳಿಯಬೇಕು. ಒಂದೇ ಸಂಜೆ ಪುರಂದರದಾಸರ ಪದವೂ ಬರುತ್ತದೆ, ಕನಕದಾಸರದೂ ಬರುತ್ತದೆ. ಶಿಶುನಾಳ ನಮಗೆ ದೂರದ ಊರಲ್ಲ, ಹಾಗಾಗಿ ಶರೀಫರ ತತ್ವಪದ ಇಲ್ಲದೆ ಭಜನೆ ಮುಗಿಯುವುದೇ ಇಲ್ಲ. ಅಚ್ಚಾದ ಪುಸ್ತಕದಲ್ಲಿರುವ ಸಾಲಿಗೂ ನಮ್ಮ ಹಿರಿಯರು ಹಾಡುವ ಸಾಲಿಗೂ ಅಲ್ಲಲ್ಲಿ ವ್ಯತ್ಯಾಸ ಇರುತ್ತದೆ. ಅದನ್ನು ತಪ್ಪು ಎಂದು ನಾನು ಬರೆಯುವುದಿಲ್ಲ. ಅವರು ಹಾಡಿದ ಹಾಗೇ ಬರೆದುಕೊಳ್ಳುತ್ತೇನೆ. ಕೇಳುತ್ತಾ ಕೂತು ಬರೆಯಹೋದರೆ ಅರ್ಧ ಸಾಲು ತಪ್ಪಿಹೋಗುತ್ತದೆ. ರೆಕಾರ್ಡಿಂಗ್ ಬೇಕಾಗಿರುವುದು ಅದಕ್ಕೇ.

ಇನ್ನು ಕೆಲಸ ಹೇಗೆ ಮಾಡುತ್ತೇನೆ ಎಂಬುದನ್ನು ಹೇಳಬೇಕು. ಕಾಲೇಜಿನ ಒಂದು ಸಣ್ಣ ರೆಕಾರ್ಡರ್ ತರುತ್ತೇನೆ, ಅಂಗೈಯಷ್ಟು ದೊಡ್ಡದು. ಬ್ಯಾಟರಿಯಲ್ಲಿ ನಡೆಯುತ್ತದೆ, ಗುಡಿಯ ಕರೆಂಟ್ ಬೇಕಿಲ್ಲ. ಅದನ್ನು ಒಂದು ಸ್ಟ್ಯಾಂಡಿನ ಮೇಲೆ ಸಭಾಮಂಟಪದಲ್ಲಿ, ಪೇಟಿ ಬಾರಿಸುವವರ ಕಡೆಗೆ ಇಡುತ್ತೇನೆ. ತಾಳದ ಹತ್ತಿರ ಇಟ್ಟರೆ ತಾಳದ ಸದ್ದೇ ತುಂಬಿಕೊಂಡು ಮಾತು ಕೇಳಿಸುವುದಿಲ್ಲ. ಗರ್ಭಗುಡಿಯ ಕಡೆಗೆ ಬರುವುದಿಲ್ಲ. ದೇವರ ಫೋಟೋ ತೆಗೆಯುವುದಿಲ್ಲ. ಲೈಟು ಹಾಕುವುದು, ಹಾಡು ನಿಲ್ಲಿಸಿ ಇನ್ನೊಮ್ಮೆ ಹಾಡಿ ಎನ್ನುವುದು ಇದ್ಯಾವುದೂ ಇರುವುದಿಲ್ಲ. ಮಕ್ಕಳು ಓಡಾಡಿದರೆ ಓಡಾಡಲಿ, ಗಂಟೆ ಬಾರಿಸಿದರೆ ಬಾರಿಸಲಿ. ಅದೆಲ್ಲ ಸೇರಿಯೇ ಭಜನೆ, ಅಲ್ವಾ?

ಒಂದೇ ಒಂದು ವಿನಂತಿ ಇದೆ, ಕೇಳಲು ಸ್ವಲ್ಪ ಸಂಕೋಚ. ಗುಡಿಯ ಮೇಲಿನ ಹಾರ್ನ್ ಸ್ಪೀಕರ್ ಹಚ್ಚಿದಾಗ ಅದರ ಸದ್ದು ತಿರುಗಿ ಒಳಗೆ ಬರುತ್ತದೆ, ಒಂದೇ ದನಿ ಎರಡೆರಡು ಸಲ ಕೇಳುತ್ತದೆ. ಆ ಎರಡು ಶನಿವಾರಗಳಲ್ಲಿ ಒಂದು ದಿನವಾದರೂ ಭಜನೆಯ ಹೊತ್ತು ಅದನ್ನು ಬಂದ್ ಇಡಲು ಆಗುತ್ತದೆಯೇ? ಮನೆಯಲ್ಲೇ ಕೂತು ಕೇಳುವ ವಯಸ್ಸಾದವರು ಓಣಿಯಲ್ಲಿ ಇದ್ದಾರೆ ಎಂಬುದು ನನಗೆ ಗೊತ್ತು. ಅವರಿಗೆ ತೊಂದರೆ ಎನಿಸಿದರೆ ಬೇಡ. ಸ್ಪೀಕರ್ ಇದ್ದಂತೆಯೇ ಇರಲಿ, ನಾನು ಹೇಗೋ ಸುಧಾರಿಸಿಕೊಳ್ಳುತ್ತೇನೆ.

ಟ್ರಸ್ಟ್ ಒಪ್ಪಿದರೂ ಹಾಡುವವರು ಒಪ್ಪದಿದ್ದರೆ ನಾನು ರೆಕಾರ್ಡ್ ಮಾಡುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಾಡುವವರಿಗೂ ತಮ್ಮ ಹಾಡಿಕೆಯ ಮೇಲೆ ಹಕ್ಕು ಇದೆ. ಪದ ಬರೆದವರು ತೀರಿ ನೂರಾರು ವರ್ಷ ಆಗಿದ್ದರೂ ಇವತ್ತು ಹಾಡುವ ದನಿ ಹಾಡುವವರದೇ. ಅದಕ್ಕೆ ಒಂದು ಪುಟದ ಒಪ್ಪಿಗೆ ಪತ್ರ ಕನ್ನಡದಲ್ಲೇ ಮಾಡಿದ್ದೇನೆ, ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಓದಲು ಕಷ್ಟವಾಗುವ ಹಿರಿಯರಿಗೆ ನಾನೇ ಕೂತು ಓದಿ ಹೇಳುತ್ತೇನೆ. ಯಾರಾದರೂ ಬೇಡ ಎಂದರೆ ಅವರು ಮುಂದೆ ನಿಂತು ಹಾಡುವ ಪದದ ಹೊತ್ತಿಗೆ ಮಷಿನ್ ಬಂದ್ ಮಾಡುತ್ತೇನೆ. ಚಿಕ್ಕ ಮಕ್ಕಳು ಹಾಡಿದರೆ ಅವರ ತಂದೆ ತಾಯಿಯನ್ನು ಕೇಳುತ್ತೇನೆ. ವರದಿಯಲ್ಲಿ ಹೆಸರು ಹಾಕಬೇಕೋ ಬೇಡವೋ ಎಂಬುದೂ ಅವರವರ ಇಷ್ಟ. ನನ್ನ ಅಭಿಪ್ರಾಯ ಕೇಳಿದರೆ ಹೆಸರು ಬರಬೇಕು. ಇಷ್ಟು ವರ್ಷ ಹಾಡಿದವರನ್ನು "ಒಬ್ಬ ಹಿರಿಯ ಗಾಯಕರು" ಎಂದು ಬರೆಯುವುದು ನನಗೆ ಸರಿ ಕಾಣುವುದಿಲ್ಲ.

ಈ ರೆಕಾರ್ಡಿಂಗ್ ಯೂಟ್ಯೂಬಿಗೂ ಹೋಗುವುದಿಲ್ಲ, ವಾಟ್ಸ್ಯಾಪಿಗೂ ಹೋಗುವುದಿಲ್ಲ. ಪ್ರಾಜೆಕ್ಟ್ ನೋಡುವ ಅಧ್ಯಾಪಕರು ಮತ್ತು ಪರೀಕ್ಷಕರು ಕೇಳುತ್ತಾರೆ, ಅಷ್ಟೇ. ಮುಂದೆ ಯಾರಾದರೂ ಬೇರೆ ಕೆಲಸಕ್ಕೆ ಕೇಳಿದರೆ ಅವರನ್ನು ನಿಮ್ಮ ಹತ್ತಿರವೇ ಕಳಿಸುತ್ತೇನೆ. ಎರಡೂ ಸಂಜೆಯ ಪೂರ್ತಿ ಹಾಡು ಒಂದು ಪೆನ್‌ಡ್ರೈವಿನಲ್ಲಿ ಹಾಕಿ ಟ್ರಸ್ಟಿಗೆ ಕೊಡುತ್ತೇನೆ. ಮೂಲ ಫೈಲ್ ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ, ಅದನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳುವುದು ಕಷ್ಟ. ಅದಕ್ಕೇ ಫೋನಿನಲ್ಲಿ ಕೇಳುವಂಥ ಸಣ್ಣ ಎಂಪಿ3 ಫೈಲುಗಳನ್ನೂ ಪದಕ್ಕೊಂದರಂತೆ ಬೇರೆ ಮಾಡಿ ಹಾಕುತ್ತೇನೆ. ಹಾಡಿದವರ ಮನೆಯವರು ಬೇಕೆಂದರೆ ನಿಮ್ಮಿಂದ ಪಡೆಯಬಹುದು. ಪದಗಳನ್ನು ಬರೆದ ಪ್ರತಿಯನ್ನು ಮೊದಲು ಭಜನಾ ಮೇಳದವರಿಗೆ ಓದಿ ತೋರಿಸಿ, ಅವರು ತಿದ್ದಿದ ಮೇಲೆಯೇ ಕಾಲೇಜಿಗೆ ಕೊಡುತ್ತೇನೆ.

ನನ್ನ ಜೊತೆ ಒಬ್ಬಳು ಸಹಪಾಠಿ ಮಾತ್ರ ಬರುತ್ತಾಳೆ. ಸಂಜೆ 6ಕ್ಕೆ ಬಂದು ಜಾಗ ನೋಡಿಕೊಳ್ಳುತ್ತೇವೆ, ಮಂಗಳಾರತಿ ಮುಗಿಯುವವರೆಗೂ ಇರುತ್ತೇವೆ. ರಾತ್ರಿ ಮಾವನ ಮನೆಯಲ್ಲಿ ಉಳಿಯುವುದರಿಂದ ನಮ್ಮ ಬಸ್ಸಿಗಾಗಿ ಯಾರೂ ಅವಸರ ಮಾಡಬೇಕಾಗಿಲ್ಲ. ಅದಕ್ಕೂ ಮೊದಲು ಸೆಪ್ಟೆಂಬರ್ 20ರ ಶನಿವಾರ ಮಷಿನ್ ಇಲ್ಲದೆ ಸುಮ್ನೆ ಬಂದು ಭಜನೆಗೆ ಕೂರುತ್ತೇನೆ. ಹಾಡುವವರಿಗೆ ನನ್ನ ಮುಖ ಪರಿಚಯವಾದಂತೆಯೂ ಆಗುತ್ತದೆ, ಏನಾದರೂ ಕೇಳುವುದಿದ್ದರೆ ಅಲ್ಲೇ ಕೇಳಬಹುದು.

ಅಮಾವಾಸ್ಯೆಯ ದಿನ, ಅಂದರೆ 21ರ ಭಾನುವಾರ, ಕಮಿಟಿಯ ಸಭೆ ಇದೆ ಎಂದು ಮಾವ ಹೇಳಿದರು. ಆ ಸಭೆಯಲ್ಲಿ ಈ ಪತ್ರವನ್ನು ಓದಿ ತೀರ್ಮಾನ ತಿಳಿಸಿದರೆ ಉಪಕಾರವಾಗುತ್ತದೆ. ಕರೆದರೆ ನಾನೂ ಬಂದು ನಿಲ್ಲುತ್ತೇನೆ. ಅನುಮತಿಯನ್ನು ಎರಡು ಸಾಲಿನಲ್ಲಿ ಬರೆದು ಮಾವನ ಅಂಗಡಿಯಲ್ಲಿ ಕೊಟ್ಟರೂ ಸಾಕು, ನನಗೆ ತಲುಪುತ್ತದೆ. ಏನಾದರೂ ಷರತ್ತು ಹಾಕುವುದಿದ್ದರೆ ಅದನ್ನೂ ಅದರಲ್ಲೇ ಬರೆಯಿರಿ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಸವಿತಾ ಹಿರೇಗೌಡರ

ಲಗತ್ತು: ಕನ್ನಡ ವಿಭಾಗದ ಮುಖ್ಯಸ್ಥರ ಪತ್ರ, ಕಾಲೇಜಿನ ಗುರುತಿನ ಚೀಟಿಯ ನಕಲು, ಹಾಡುವವರ ಒಪ್ಪಿಗೆ ಪತ್ರದ ಮಾದರಿ.