ಅವರ ಮಾತು

ಪುಟ್ಟಮ್ಮನವರ ಕಣ್ಣು ಅರಿಶಿನ ಕದಡಿದ ನೀರಿನ ಹಾಗೆ ಹಳದಿ. ಮೊಣಕೈವರೆಗೂ ಕೆರೆದುಕೊಂಡ ಗೀರುಗಳು. ನಮ್ಮ ವಾರ್ಡಿಗೆ ಬಂದ ದಿನವೇ ಮಗನ ಕೈಲಿ ನನ್ನ ಬ್ಯಾಡ್ಜ್ ಓದಿಸಿ, "ಕನ್ನಡದೋಳಾ ನೀನು?" ಅಂತ ಕೈ ಹಿಡಿದುಕೊಂಡಿದ್ದರು. "ಕಾಮಾಲೆ ಕಣವ್ವ. ಊರಲ್ಲಾಗಿದ್ರೆ ಮೂರು ದಿನ ಸೊಪ್ಪಿನ ರಸ ಕುಡಿದು ಎದ್ದು ಓಡಾಡ್ತಿದ್ದೆ."

ಸ್ಕ್ಯಾನ್ ರಿಪೋರ್ಟ್ ಬಂದ ದಿನ ಫೋನಿನಲ್ಲಿ ದುಭಾಷಿ ಸಿಗಲಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಪಂಜಾಬಿಗೆ, ಉರ್ದುವಿಗೆ ಬೇಗ ಸಿಗುತ್ತಾರೆ. ಕನ್ನಡಕ್ಕೆ ಕಾಯಬೇಕು. ಇಂಥ ಮಾತನ್ನು ಮನೆಯವರ ಬಾಯಲ್ಲಿ ಹೇಳಿಸಬಾರದು, ಅದಕ್ಕೇ ಡಾಕ್ಟರ್ ನನ್ನನ್ನು ಕರೆದರು.

ಬಾಗಿಲ ಹತ್ತಿರ ಮಗ ತಡೆದ. "ಸಿಸ್ಟರ್, ಕ್ಯಾನ್ಸರ್ ಅಂತ ಮಾತ್ರ ಹೇಳ್ಬೇಡಿ. ಗಡ್ಡೆ ಅನ್ನಿ ಸಾಕು."

"ಅವರು ಹೇಳಿದ್ದನ್ನೇ ನಾನು ಹೇಳಬೇಕು ಅಣ್ಣ. ಸೇರಿಸೋ ಹಾಗಿಲ್ಲ, ಬಿಡೋ ಹಾಗಿಲ್ಲ." ಹೇಳುವಾಗ ನನ್ನ ಗಂಟಲೂ ಒಣಗಿತ್ತು. ಅವನ ಮಾತನ್ನು ಡಾಕ್ಟರಿಗೆ ತಿಳಿಸಿದೆ. ಆಕೆ ತಲೆಯಾಡಿಸಿ, ಒಳಗೆ ಬಂದು ಹಾಸಿಗೆಯ ಪಕ್ಕ ಕೂತರು. ಮೊದಲು ಕೇಳಿದ್ದೇ ಅದನ್ನು.

"ಎಲ್ಲ ನಿಮಗೇ ಹೇಳಲಾ, ಇಲ್ಲಾ ಮಗನಿಗೆ ಹೇಳಿದರೆ ಸಾಕಾ?" ಅಂತ ಕನ್ನಡದಲ್ಲಿ ಕೇಳಿದೆ.

ಪುಟ್ಟಮ್ಮ ಮಗನ ಕಡೆ ನೋಡಿದರು. "ಹೊಟ್ಟೆ ನಂದಲ್ವಾ? ನಂಗೇ ಹೇಳಿ."

ಡಾಕ್ಟರ್ ಪ್ಯಾಂಕ್ರಿಯಾಸ್ ಅಂದರು. ಸ್ಕೂಲಲ್ಲಿ ಓದಿದ್ದ 'ಮೇದೋಜೀರಕ ಗ್ರಂಥಿ' ನಾಲಿಗೆವರೆಗೆ ಬಂತು. ಹೊಲ, ಹಟ್ಟಿ ಅಂತ ಬದುಕಿದ ಈ ತಾಯಿಗೆ ಅದರಿಂದ ಏನು ತಿಳಿದೀತು? ನಮ್ಮ ಮನೆಮಾತಲ್ಲಿ ಇದಕ್ಕೆ ಹೆಸರಿಲ್ಲ, ಬಿಡಿಸಿ ಹೇಳ್ತೀನಿ ಅಂತ ಡಾಕ್ಟರಿಗೆ ಹೇಳಿದೆ. ಆಮೇಲೆ ಅವರ ಹೊಟ್ಟೆಯ ಮೇಲೆ ಅಂಗೈ ಇಟ್ಟೆ. "ಇದರ ಹಿಂದುಗಡೆ, ಬೆನ್ನಿನ ಕಡೆಗೆ, ಒಂದು ಅಂಗ ಇದೆಯಮ್ಮ. ಅದರಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದಿದೆ. ಪಿತ್ತ ಇಳಿಯೋ ಕೊಳವೆನ ಅದು ಅದುಮಿದೆ. ಕಣ್ಣು ಹಳದಿಯಾಗಿದ್ದು, ಮೈ ನವೆಯಾಗ್ತಿರೋದು ಅದಕ್ಕೇ."

"ಕಾಮಾಲೆ ಅಲ್ಲ?"

"ಕಾಮಾಲೆನೇ. ಆದರೆ ಅದನ್ನ ತಂದಿದ್ದು ಕ್ಯಾನ್ಸರ್. ಲಿವರಿಗೂ ಹೋಗಿದೆ. ಆಪರೇಷನ್ ಮಾಡಿ ತೆಗೆಯೋಕೆ ಆಗಲ್ಲ. ಪೂರ್ತಿ ಗುಣ ಮಾಡೋಕೆ ನನ್ನಿಂದ ಆಗಲ್ಲ."

ಆ 'ನನ್ನಿಂದ' ಡಾಕ್ಟರದು. ಆದರೆ ಪುಟ್ಟಮ್ಮ ನೋಡುತ್ತಿದ್ದದ್ದು ನನ್ನನ್ನೇ.

ಕೊಳವೆಯಲ್ಲಿ ಸ್ಟೆಂಟ್ ಇಡಬಹುದು, ನವೆ ಕಮ್ಮಿಯಾಗುತ್ತದೆ, ನೋವಿಗೆ ಔಷಧಿ ಇದೆ. ಎಲ್ಲ ಹೇಳಿದೆ. ಅವರು ಕೈಬಳೆಯನ್ನು ಮೇಲಕ್ಕೆ ಸರಿಸಿದರು, ಬಿಟ್ಟರು. ಅದು ಸಡಿಲವಾಗಿ ಜಾರಿ ಮತ್ತೆ ಮಣಿಕಟ್ಟಿಗೆ ಬಂತು.

"ಎಷ್ಟು ದಿನ ಅಂತ ಕೇಳು."

ಕೇಳಿದೆ. ಡಾಕ್ಟರ್ ಸುತ್ತಿ ಬಳಸಲಿಲ್ಲ. ನಾನೂ ಬಳಸಲಿಲ್ಲ. "ತಿಂಗಳುಗಳ ಲೆಕ್ಕ ಅಮ್ಮ. ವರ್ಷಗಳಲ್ಲ."

ಮಗ ಕಿಟಕಿ ಕಡೆ ತಿರುಗಿಕೊಂಡ. ಡಾಕ್ಟರ್ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, ಸಂಜೆ ಮತ್ತೆ ಬರ್ತೀನಿ ಅಂತ ಎದ್ದರು. ನಾನೂ ಎದ್ದೆ.

ಪುಟ್ಟಮ್ಮ ನನ್ನ ಕೈ ಬಿಡಲಿಲ್ಲ. "ಇಷ್ಟೊತ್ತು ಅವರ ಮಾತು ಹೇಳಿದೆ. ಈಗ ನಿನ್ನ ಮಾತು ಒಂದು ಆಡಿ ಹೋಗವ್ವ."

ನಾನು ಮತ್ತೆ ಕೂತೆ.