ಕಾಜುಬಾಗದ ಫ್ಲಾಟ್: ಆಚಾರಿ ಬರುವ ಮೊದಲು ಆರಿಸಿ ಮುಗಿಸಬೇಕಾದ ಫಿಟ್ಟಿಂಗ್‌ಗಳ ಪಟ್ಟಿ

ತಮ್ಮಾ, ಇದನ್ನು ಪ್ರಿಂಟ್ ಹಾಕಿಸಿ ಅಡುಗೆಮನೆ ಗೋಡೆಗೆ ಅಂಟಿಸು. ಒಂದು ಪ್ರತಿ ಪ್ಲಂಬರ್‌ಗೆ, ಒಂದು ಎಲೆಕ್ಟ್ರಿಷಿಯನ್‌ಗೆ ಕೊಡು. ಆರಿಸಿದ್ದಕ್ಕೆ ಮಾತ್ರ ಗುರುತು ಹಾಕಿ. "ಆಮೇಲೆ ನೋಡೋಣ" ಅಂದಿದ್ದಕ್ಕೆ ಗುರುತು ಬೇಡ.

ಈಗ ಪ್ಲಾಸ್ಟರ್ ಮುಗಿದಿದೆ, ಬಾತ್‌ರೂಮಿನ ಟೈಲ್ಸ್ ಬಾಕಿ ಇದೆ, ಆಚಾರಿ ಚೌತಿ ಮುಗಿಸಿ ಬರುತ್ತಾರೆ. ನಿಮ್ಮ ಕೈಲಿರುವ ಸಮಯ ಇಷ್ಟೇ. ಕ್ಯಾಬಿನೆಟ್ ಬಣ್ಣ, ಪರದೆ, ಸೋಫಾ ಎಲ್ಲ ಮರೆತುಬಿಡಿ. ಗೋಡೆಯೊಳಗೆ ಹೋಗುವ ಸಾಮಾನು ಮೊದಲು, ಗೋಡೆ ಮೇಲೆ ಕೂರುವುದು ಆಮೇಲೆ. ಪಟ್ಟಿಯ ಕ್ರಮವೂ ಅದೇ.

ಅಂಗಡಿಗೆ ಹೋಗುವ ಮೊದಲು: ನೀರು

☐ ಬಕೆಟ್ ಪರೀಕ್ಷೆ. ಬಾತ್‌ರೂಮಿನ ಬಾಯಿ ತೆರೆದ ಪೈಪಿಗೆ 20 ಲೀಟರ್ ಬಕೆಟ್ ಇಟ್ಟು, ಮೊಬೈಲಿನಲ್ಲಿ ಸಮಯ ನೋಡಿ. 2 ನಿಮಿಷಕ್ಕೆ ತುಂಬಿದರೆ ನಿಮಿಷಕ್ಕೆ 10 ಲೀಟರ್ ಬರುತ್ತಿದೆ ಅಂತ ಅರ್ಥ.

☐ ಟ್ಯಾಂಕಿನ ಎತ್ತರ. ನಿಮ್ಮದು ಎರಡನೇ ಮಹಡಿ, ಮೇಲೆ ಇನ್ನೊಂದು ಮಹಡಿ, ಅದರ ಮೇಲೆ ಟ್ಯಾಂಕ್. ಟ್ಯಾಂಕಿನ ತಳಕ್ಕೂ ನಿಮ್ಮ ಶವರ್ ತಲೆಗೂ ನಡುವೆ ಸುಮಾರು 17 ಅಡಿ, ಅಂದರೆ 5 ಮೀಟರ್ ಚಿಲ್ಲರೆ. 10 ಮೀಟರಿಗೆ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. ನಿಮಗೆ ಸಿಗುವುದು ಅರ್ಧ ಬಾರ್. ತಂಗಿ ಫೋಟೋ ಕಳಿಸಿದ್ದಳಲ್ಲ, ಊಟದ ತಟ್ಟೆಯಷ್ಟು ಅಗಲದ ಮಳೆ ಶವರ್? ಅರ್ಧ ಬಾರ್‌ನಲ್ಲಿ ಅದು ಸೋರುವ ಹೆಂಚಿನ ಹಾಗೆ ತೊಟ್ಟಿಕ್ಕುತ್ತದೆ ಅಷ್ಟೇ. ಒಂದೋ ಪ್ರೆಶರ್ ಪಂಪ್ ಹಾಕಿಸಬೇಕು, ಇಲ್ಲಾ ನಾಲ್ಕು ಇಂಚಿನ ಸಾದಾ ಶವರ್ ತಗೋಬೇಕು. ಪಂಪ್ ಬೇಕೆಂದರೆ ಅದರ ಜಾಗ, ಕರೆಂಟ್ ಪಾಯಿಂಟ್ ಈಗಲೇ ಗೊತ್ತಾಗಬೇಕು.

☐ ನೀರಿನ ರುಚಿ, ಬಣ್ಣ. ಬಿಳಿ ಬಕೆಟಿನಲ್ಲಿ ರಾತ್ರಿಯಿಡೀ ನೀರು ಇಟ್ಟು ಬೆಳಿಗ್ಗೆ ತಳ ನೋಡಿ. ಕೆಂಪು ಕೂತಿದ್ದರೆ ಕಬ್ಬಿಣದ ಅಂಶ ಇದೆ. ಚಿರೆಕಲ್ಲಿನ ನೆಲದ ಬಾವಿಗಳಲ್ಲಿ ಇದು ಹೊಸದಲ್ಲ. ಹಾಗಿದ್ದರೆ ಅಪ್ಪಟ ಬಿಳಿ ಸಿಂಕ್, ಬಿಳಿ ಬೇಸಿನ್ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಬಾಯಿಗೆ ಉಪ್ಪು ಹತ್ತಿದರೆ ಗೀಸರ್ ಆರಿಸುವಾಗ ಅಂಗಡಿಯವರಿಗೆ ಅದನ್ನು ಹೇಳಲೇಬೇಕು.

ಬಾತ್‌ರೂಮ್: ಟೈಲ್ಸ್ ಹಿಂದೆ ಹೋಗುವುದು

☐ ಡೈವರ್ಟರ್, ಅಂದರೆ ನೀರನ್ನು ಶವರಿಗೋ ನಲ್ಲಿಗೋ ತಿರುಗಿಸುವ ವಾಲ್ವ್. ಗೋಡೆಯೊಳಗಿನ ಬಾಡಿ ಮತ್ತು ಹೊರಗಿನ ಹಿಡಿ, ತಟ್ಟೆ ಎರಡೂ ಒಂದೇ ಕಂಪನಿ, ಒಂದೇ ಮಾಡೆಲ್ ಆಗಿರಬೇಕು. ಇದು ನನ್ನ ಮನೆಯ ಕತೆ. ಪ್ಲಂಬರ್ ಅವಸರ ಮಾಡಿದರು ಅಂತ ಒಳಗಿನ ಬಾಡಿಯನ್ನು ಒಂದು ಅಂಗಡಿಯಲ್ಲಿ ತಗೊಂಡೆ. ಹಿಡಿ ಆಮೇಲೆ ಚೆಂದದ್ದು ನೋಡಿ ತಗೊಂಡರಾಯಿತು ಅಂದುಕೊಂಡೆ. ಮೂರು ತಿಂಗಳು ಬಿಟ್ಟು ಹೋದರೆ ಆ ಮಾಡೆಲ್ ನಿಂತೇ ಹೋಗಿತ್ತು. ಬೇರೆ ಯಾವ ಹಿಡಿಯೂ ಅದಕ್ಕೆ ಕೂರಲಿಲ್ಲ. ಹೊಸ ಟೈಲ್ಸ್ ಆರು ಒಡೆದೆವು. ಅದೇ ಬಣ್ಣದ್ದು ನಾಲ್ಕೇ ಉಳಿದಿದ್ದವು. ಈಗಲೂ ನಮ್ಮ ಬಾತ್‌ರೂಮಿನಲ್ಲಿ ಎರಡು ಟೈಲ್ಸ್ ಬೇರೆ ಬಣ್ಣದ್ದಿವೆ, ಭಾವ ಬಂದವರಿಗೆಲ್ಲ ಅದನ್ನು ತೋರಿಸುತ್ತಾರೆ. ಆದ್ದರಿಂದ ಎರಡನ್ನೂ ಒಂದೇ ಬಿಲ್ಲಿನಲ್ಲಿ ತಗೊಳ್ಳಿ.

☐ ಡೈವರ್ಟರ್ ಎಷ್ಟು ಆಳಕ್ಕೆ ಕೂರಬೇಕು ಅಂತ ಅದರ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಗೆರೆ ಇರುತ್ತದೆ. ಅಳತೆ ಪ್ಲಾಸ್ಟರ್‌ಗಲ್ಲ, ಟೈಲ್ಸ್ ಕೂತ ಮೇಲಿನ ಮುಖಕ್ಕೆ. ಟೈಲ್ಸ್ ದಪ್ಪ, ಅಂಟಿನ ದಪ್ಪ ಸೇರಿಸಿ ಗೌಂಡಿಗೆ ಹೇಳಿ. ಟೈಲ್ಸ್ ಮುಗಿಯುವ ತನಕ ಆ ಮುಚ್ಚಳ ತೆಗೆಯಬಾರದು.

☐ ಕಮೋಡ್. ಬಿಲ್ಡರ್ ಕೊಟ್ಟ ಪೈಪ್ ನೆಲದಲ್ಲಿದ್ದರೆ ಎಸ್-ಟ್ರ್ಯಾಪ್, ಗೋಡೆಯಲ್ಲಿದ್ದರೆ ಪಿ-ಟ್ರ್ಯಾಪ್. ನಿಮ್ಮದು ನೆಲದಲ್ಲಿದೆ, ಕಳೆದ ವಾರ ನಾನೇ ನೋಡಿದೆ. ಮುಗಿದ ಟೈಲ್ಸ್ ಗೋಡೆಯಿಂದ ಪೈಪಿನ ಮಧ್ಯಕ್ಕೆ ಎಷ್ಟು ಇಂಚು ಅಂತ ಅಳೆದು ಬರೆದುಕೊಂಡು ಹೋಗಿ. ಅಂಗಡಿಯಲ್ಲಿ ಮೊದಲ ಪ್ರಶ್ನೆ ಅದೇ. ಗೋಡೆಗೆ ನೇತು ಹಾಕುವ ಕಮೋಡ್ ನೋಡಲು ಚೆಂದ, ಗುಡಿಸಲು ಸುಲಭ. ಆದರೆ ಅದಕ್ಕೆ ಪೈಪ್ ತಿರುಗಿಸಬೇಕು, ಗೋಡೆಯೊಳಗೆ ಫ್ರೇಮ್, ಟ್ಯಾಂಕ್ ಕೂರಿಸಬೇಕು. ಕೆಳಗಿನ ಮನೆಯ ಸೀಲಿಂಗ್‌ಗೆ ಸೋರುವ ರಿಸ್ಕ್ ಯಾಕೆ? ನೆಲದ ಮೇಲಿನದ್ದೇ ಸಾಕು ಅಂತ ನನ್ನ ಮತ.

☐ ಆಯಿಯ ಬಾತ್‌ರೂಮ್. ಅಲ್ಲಿ ಕಮೋಡ್ ಸ್ವಲ್ಪ ಎತ್ತರದ್ದೇ ಇರಲಿ. ಮಂಡಿನೋವಿನವರಿಗೆ ಒಂದೆರಡು ಇಂಚೂ ದೊಡ್ಡದು. ಅಂಗಡಿಯಲ್ಲಿ ಕೂರಿಸಿ ನೋಡಿ. ನಾಚಿಕೊಳ್ಳುತ್ತಾಳೆ, ಆದರೂ ಕೂರಿಸಿ. ಹಿಡಿಕೋಲಿನ ಜಾಗ ಪೆನ್ಸಿಲ್‌ನಲ್ಲಿ ಗೋಡೆಗೆ ಗುರುತು ಹಾಕಿ. ಅಲ್ಲಿ ಹಗುರ ಬ್ಲಾಕ್ ಇದ್ದರೆ ಟೈಲ್ಸ್‌ಗೆ ಮೊದಲೇ ಆ ಭಾಗ ಕೊರೆದು ಕಾಂಕ್ರೀಟ್ ತುಂಬಿಸಿ. ಇಲ್ಲದಿದ್ದರೆ ಸ್ಕ್ರೂ ಹಿಡಿಯುವುದಿಲ್ಲ.

☐ ಬಕೆಟ್ ನಲ್ಲಿ. ಆಯಿ ಶವರ್ ಮುಟ್ಟುವುದಿಲ್ಲ. ನಲ್ಲಿಯ ಬಾಯಿ ನೆಲದಿಂದ 2 ಅಡಿ ಮೇಲಿರಲಿ. ಬಕೆಟ್ ಅಡಿಗೆ ಹೋಗಬೇಕಲ್ವಾ.

☐ ಗೀಸರ್. ಅಡ್ಡ ಬೇಕೋ, ಉದ್ದ ಬೇಕೋ ಈಗಲೇ ಹೇಳಿ. ಎರಡಕ್ಕೂ ಪೈಪ್ ಬಾಯಿ ಬೇರೆ ಬೇರೆ ಕಡೆ ಇರುತ್ತವೆ. ಬಾತ್‌ರೂಮ್ ಸೀಲಿಂಗ್ ಕೆಳಗೆ ಇಳಿಸುವ ಯೋಚನೆ ಇದ್ದರೆ ಗೀಸರ್ ಅದರ ಕೆಳಗೇ ಇರಲಿ, ಒಳಗೆ ಮುಚ್ಚಬೇಡಿ. ರಿಪೇರಿಗೆ ಕೈ ಹೋಗಬೇಕು.

☐ ಎಕ್ಸಾಸ್ಟ್ ಫ್ಯಾನ್: ಫ್ಯಾನ್ ತಂದು ಅಳತೆ ಕೊಟ್ಟ ಮೇಲೆಯೇ ವೆಂಟಿಲೇಟರ್ ಗಾಜು ಕತ್ತರಿಸಲಿ.

ಉಪ್ಪು ಗಾಳಿ

ಶಿರಸಿಯಲ್ಲಿ ಹತ್ತು ವರ್ಷ ಬಂದ ಟವೆಲ್ ರಾಡ್ ಇಲ್ಲಿ ಕಾರವಾರದಲ್ಲಿ ಎರಡು ಮಳೆಗಾಲಕ್ಕೆ ಕಂದು ಚುಕ್ಕೆ ಹಿಡಿಯಿತು. ನಮ್ಮ ಮನೆಯಲ್ಲಿ ಮೊದಲು ಬಣ್ಣ ಬಿಟ್ಟಿದ್ದು ರಾಡ್ ಅಲ್ಲ, ಅದನ್ನು ಹಿಡಿದಿದ್ದ ನಾಲ್ಕು ಸ್ಕ್ರೂ. ಅವುಗಳಿಂದ ಟೈಲ್ಸ್ ಮೇಲೆ ಚಹಾ ಸೋರಿದ ಹಾಗೆ ಗೆರೆ ಇಳಿದಿತ್ತು.

☐ ರಾಡ್, ಹುಕ್, ಸಿಂಕ್, ಹಿಂಜ್, ಸ್ಕ್ರೂ: ಬಿಲ್ಲಿನಲ್ಲಿ ಸ್ಟೀಲಿನ ಗ್ರೇಡ್ ಬರೆಸಿ. 202 ಬೇಡವೇ ಬೇಡ. ಮನೆಯೊಳಗೆ 304 ಸಾಕು. ಬಾಲ್ಕನಿ, ಕಿಟಕಿ ಹೊರಗೆ 316 ಒಳ್ಳೆಯದು. ಅದರಲ್ಲಿ ಮಾಲಿಬ್ಡಿನಮ್ ಸೇರಿರುತ್ತದೆ, ಉಪ್ಪಿಗೆ ತಡೆದುಕೊಳ್ಳುತ್ತದೆ. ದುಬಾರಿ, ಆದರೆ ಬೇಕಾಗುವುದು ಕೆಲವೇ ಕಡೆ. ಅಂಗಡಿಯವರು ಮ್ಯಾಗ್ನೆಟ್ ಇಟ್ಟು "ನೋಡಿ, ಅಂಟುವುದಿಲ್ಲ, 304" ಅನ್ನುತ್ತಾರೆ. ಸಾಮಾನ್ಯವಾಗಿ 202ಕ್ಕೂ ಮ್ಯಾಗ್ನೆಟ್ ಅಂಟುವುದಿಲ್ಲ. ತಲೆ ಆಡಿಸಿ, ಬಿಲ್ಲಿನಲ್ಲಿ ಬರೆಸಿಕೊಂಡು ಬನ್ನಿ.

☐ ನಲ್ಲಿಗಳು ಹಿತ್ತಾಳೆ ಬಾಡಿಯದ್ದು. ಕೈಯಲ್ಲಿ ಹಿಡಿದು ತೂಕ ನೋಡಿ. ತೀರಾ ಹಗುರ ಇದ್ದರೆ ಅಲ್ಲೇ ಇಟ್ಟು ಬನ್ನಿ.

☐ ಕಪ್ಪು, ಚಿನ್ನದ ಬಣ್ಣದ ನಲ್ಲಿ: ಬಣ್ಣ ಬಳಿದದ್ದೋ, ಪಿವಿಡಿ ಕೋಟಿಂಗೋ ಕೇಳಿ. ಬಳಿದದ್ದು ಗೀಚಿದರೆ ಎದ್ದು ಬರುತ್ತದೆ. ನಾನಾದರೆ ಸಾದಾ ಕ್ರೋಮ್ ತಗೊಂಡು, ಉಳಿದ ದುಡ್ಡಿಗೆ ಒಳ್ಳೆಯ ಆಂಗಲ್ ವಾಲ್ವ್ ತಗೊಳ್ಳುತ್ತೇನೆ.

☐ ಕನ್ನಡಿ: ಕಾಪರ್ ಫ್ರೀ ಅಂತ ಕೇಳಿ ತಗೊಳ್ಳಿ, ಅಂಚು ಕಪ್ಪಾಗುವುದು ಕಡಿಮೆ.

ಅಡುಗೆಮನೆ

☐ ಸಿಂಕ್. ಬಂಗಡೆ ತೊಳೆಯುವ ಮನೆ ನಿಮ್ಮದು. ಎರಡು ಸಣ್ಣ ಬೌಲ್ ಬೇಡ, ಒಂದೇ ದೊಡ್ಡದು ಇರಲಿ. ಸಿಂಕ್ ಮೊದಲು ಮನೆಗೆ ಬರಲಿ, ಆಮೇಲೆ ಗ್ರಾನೈಟ್ ಕತ್ತರಿಸಲಿ. ಕಾಗದದ ಅಳತೆ ನಂಬಿ ಕತ್ತರಿಸಿದರೆ ಗ್ರಾನೈಟ್ ವಾಪಸ್ ಕೂಡುವುದಿಲ್ಲ. ಯುಟಿಲಿಟಿಯಲ್ಲಿ ಇನ್ನೊಂದು ನಲ್ಲಿ ಇರಲಿ, ಮೀನಿನ ದಿನಕ್ಕೆ.

☐ ಚಿಮಣಿ, ಹಾಬ್: ಮಾಡೆಲ್ ನಂಬರ್ ಆಚಾರಿಗೆ ಕೊಡಿ. ಚಿಮಣಿ ಪೈಪಿನ ತೂತು ನಿಮ್ಮ ಮನೆಯಲ್ಲಿ ಪಶ್ಚಿಮ ಗೋಡೆಗೇ ಬರುತ್ತದೆ. ಆಷಾಢದ ಗಾಳಿ ಮಳೆ ನೇರ ಅಲ್ಲಿಗೇ ಹೊಡೆಯುತ್ತದೆ. ಹೊರಗೆ ಕೆಳಮುಖದ ಟೋಪಿ ಕಡ್ಡಾಯ.

☐ ನೀರಿನ ಫಿಲ್ಟರ್: ಸಿಂಕ್ ಪಕ್ಕ ಒಂದು ನೀರಿನ ಪಾಯಿಂಟ್, ಒಂದು ಪ್ಲಗ್, ಬೇಡದ ನೀರು ಹೋಗಲು ದಾರಿ. ಮೂರನೆಯದನ್ನೇ ಎಲ್ಲರೂ ಮರೆಯುವುದು.

☐ ಸಿಂಕ್ ಕೆಳಗಿನ ಪ್ಲೈವುಡ್: ನೀರಿಗೆ ತಡೆದುಕೊಳ್ಳುವ, ಐಎಸ್ 710 ಮುದ್ರೆ ಇರುವುದು. ಇದು ಫಿಟ್ಟಿಂಗ್ ಅಲ್ಲ, ಗೊತ್ತು. ಆದರೂ ಬರೆದಿದ್ದೇನೆ.

ಕರೆಂಟ್

ಫ್ರಿಜ್, ಮಂಚ, ಟಿವಿ ಎಲ್ಲಿ ಅಂತ ಸುಣ್ಣದ ಕಡ್ಡಿಯಲ್ಲಿ ನೆಲದ ಮೇಲೆ ಬರೆದು, ಆಮೇಲೆ ಎಲೆಕ್ಟ್ರಿಷಿಯನ್ ಕರೆಯಿರಿ.

☐ ಗೀಸರ್, ಮೈಕ್ರೋವೇವ್, ಇಂಡಕ್ಷನ್, ವಾಷಿಂಗ್ ಮೆಷಿನ್: ತಲಾ ಒಂದು 16 ಆಂಪಿಯರ್ ಪಾಯಿಂಟ್. 2000 ವಾಟಿನ ಗೀಸರ್ ಒಂದೇ ಸುಮಾರು 9 ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್ ಪ್ಲಗ್ಗಿಗೆ ಅದನ್ನು ಸಿಕ್ಕಿಸುವುದು ತಮಾಷೆ ಅಲ್ಲ.

☐ ಎಸಿ: ಈಗ ತಗೊಳ್ಳದಿದ್ದರೂ ವೈರು, ನೀರು ಇಳಿಯುವ ಪೈಪ್ ಈಗಲೇ. ಪೈಪ್ ಹೊರಗಡೆಗೆ ಇಳಿಜಾರಾಗಿರಲಿ.

☐ ಇನ್ವರ್ಟರ್ ವೈರಿಂಗ್ ಬೇರೆ ಎಳೆಸಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವ ಫ್ಯಾನ್, ಯಾವ ಲೈಟ್ ಬೇಕು ಅಂತ ಇಬ್ಬರೂ ಕೂತು ನಿರ್ಧರಿಸಿ. ಆಯಿ ಕೋಣೆಯ ಫ್ಯಾನ್, ವೈಫೈ ನನ್ನ ಪಟ್ಟಿಯಲ್ಲಿ ಮೊದಲು. ನಿಮ್ಮಲ್ಲಿ ಯಾವುದು ಮೊದಲೋ!

☐ ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇದೆಯಾ ಅಂತ ಬಿಲ್ಡರ್ ಬಳಿ ಕೇಳಿ. ಒದ್ದೆ ಕೈ, ಗೀಸರ್, ವಾಷಿಂಗ್ ಮೆಷಿನ್ ಇರುವ ಮನೆಯಲ್ಲಿ ಅದಿಲ್ಲದೆ ಆಗುವುದಿಲ್ಲ.

☐ ಸೀಲಿಂಗ್ ಲೈಟ್: ಪಿಒಪಿಯವರು ತೂತು ಕೊರೆಯುವ ಮೊದಲು ಲೈಟ್ ಕೈಯಲ್ಲಿರಲಿ. ಮಲಗುವ ಕೋಣೆಗೆ 3000 ಕೆಲ್ವಿನ್, ಅಡುಗೆಮನೆಗೆ 4000. ತಂಗಿಗೆ ಬೆಳ್ಳಗಿನ 6500 ಇಷ್ಟ. ಅದರಲ್ಲಿ ರಾತ್ರಿ ಊಟಕ್ಕೆ ಕೂತರೆ ದವಾಖಾನೆಯಲ್ಲಿ ಕೂತ ಹಾಗಾಗುತ್ತದೆ. ಜಗಳ ನಿಮ್ಮದು.

☐ ಫ್ಯಾನ್ ಹುಕ್ ಸ್ಲ್ಯಾಬಿಗೆ ಇರಬೇಕು, ಪಿಒಪಿಗೆ ಅಲ್ಲ.

ಬಾಲ್ಕನಿ

☐ ಬಟ್ಟೆ ಹ್ಯಾಂಗರ್. ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆ ಎಲ್ಲಿ ಒಣಗಿಸುತ್ತೀರಿ? ಬಾಲ್ಕನಿಯಲ್ಲಿ ಅಲ್ಲ, ಅಲ್ಲಿಗೆ ಎರಚಲು ಬರುತ್ತದೆ. ಯುಟಿಲಿಟಿಯ ಸ್ಲ್ಯಾಬಿಗೆ ಹಗ್ಗದಿಂದ ಎತ್ತಿಳಿಸುವ ಹ್ಯಾಂಗರ್ ಹಾಕಿ, ಅದರ ಕೆಳಗೆ ಗೋಡೆ ಫ್ಯಾನಿಗೆ ಒಂದು ಪಾಯಿಂಟ್. ಇಡೀ ಪಟ್ಟಿಯಲ್ಲಿ ತಂಗಿ ನನಗೆ ಥ್ಯಾಂಕ್ಸ್ ಹೇಳುವುದಿದ್ದರೆ ಇದೊಂದಕ್ಕೇ.

☐ ಹೊರಗಿನ ಪ್ಲಗ್: ಮುಚ್ಚಳ ಇರುವುದು, ನೀರು ಒಳಹೋಗದ್ದು.

ಆರ್ಡರ್ ಕೊಡುವಾಗ

ಹುಬ್ಬಳ್ಳಿಯಲ್ಲಿ ತಗೊಂಡರೆ ಆಯ್ಕೆ ಜಾಸ್ತಿ, ಮಡಗಾಂವ್ ನಮಗೆ ಹತ್ತಿರ. ಎಲ್ಲೇ ತಗೊಳ್ಳಿ, ಕಾರವಾರಕ್ಕೆ ಸರ್ವಿಸ್‌ನವರು ಬರುತ್ತಾರಾ ಅಂತ ಮೊದಲು ಕೇಳಿ. ಘಟ್ಟ ಇಳಿದು ಬಂದ ಕಮೋಡನ್ನು ಪೆಟ್ಟಿಗೆ ಬಿಚ್ಚಿ ನೋಡದೆ ಸಹಿ ಹಾಕಬೇಡಿ.

☐ ಪ್ರತಿ ಸಾಮಾನಿನ ಮಾಡೆಲ್ ನಂಬರ್ ಒಂದೇ ಹಾಳೆಯಲ್ಲಿ. ಪ್ಲಂಬರ್, ಎಲೆಕ್ಟ್ರಿಷಿಯನ್, ಆಚಾರಿ ಮೂವರ ಕೈಯಲ್ಲೂ ಅದೇ ಹಾಳೆ.

☐ ಪ್ರತಿ ಬಾತ್‌ರೂಮಿನ ಟೈಲ್ಸ್ ಒಂದು ಪೆಟ್ಟಿಗೆ ಜಾಸ್ತಿ. ಕಾರಣ ಮೇಲೆ ಓದಿದ್ದೀರಿ.

☐ ಟೈಲ್ಸ್ ಹಾಕುವ ಹಿಂದಿನ ದಿನ ಪೈಪ್‌ಗಳಿಗೆ ಒತ್ತಡ ಕೊಟ್ಟು ರಾತ್ರಿಯಿಡೀ ಬಿಡಿಸಿ. ಬೆಳಿಗ್ಗೆ ಗೇಜಿನ ಮುಳ್ಳು ಇಳಿದಿದ್ದರೆ ಎಲ್ಲೋ ಸೋರುತ್ತಿದೆ.

☐ ಅದೇ ದಿನ ಪ್ರತಿ ಗೋಡೆಗೂ ಟೇಪ್ ಹಿಡಿದು ಫೋಟೋ. ಪೈಪ್, ವೈರು ಎಲ್ಲಿ ಹೋಗಿವೆ ಅಂತ ಆಮೇಲೆ ಡ್ರಿಲ್ ಹಿಡಿದವರಿಗೆ ಗೊತ್ತಾಗಬೇಕು.

ಭಾನುವಾರ ಬೆಳಿಗ್ಗೆ 9ಕ್ಕೆ ನಾನು, ಭಾವ ಬರುತ್ತೇವೆ. ಪ್ಲಂಬರ್‌ಗೂ ಹೇಳಿಡು. 20 ಲೀಟರಿನ ಬಕೆಟ್ ನಾನೇ ತರುತ್ತೇನೆ.