ಮೂರು ರನ್ನು ಬಾಕಿ

27 ಮಾರ್ಚ್ 2025, ಗುರುವಾರ. ಸಂಜೆ 6.40, ಶಿವಮೊಗ್ಗ ಬಸ್ ನಿಲ್ದಾಣ

ಅಡಿಕೆ ಮಂಡಿಯ ಲೆಕ್ಕವನ್ನು ಮಧ್ಯಾಹ್ನವೇ ಮುಗಿಸಿ, ಎರಡು ದಿನದ ರಜೆಗೆ ‘ಚೆನ್ನೈಯಲ್ಲಿ ನೆಂಟರ ಮದುವೆ’ ಎಂಬ ಕಾರಣ ಹೇಳಿ ಬಂದಿದ್ದೇನೆ. ಮಂಡಿಯ ಸಾಹುಕಾರರು ನಂಬಿದಂತೆ ತೋರಿದರೂ ಹೊರಡುವಾಗ ‘ಮದುವೆ ಊಟ ಹಳದಿಯೋ ಕೆಂಪೋ?’ ಎಂದು ಕೇಳಿದ್ದರಿಂದ, ಅವರಿಗೆ ಎಲ್ಲವೂ ಗೊತ್ತಿದೆ ಎಂದೇ ತಿಳಿಯಬೇಕು. ಕೆಂಪು ಜೆರ್ಸಿಯನ್ನು ಅಮ್ಮ ಚೀಲದ ಅಡಿಗೆ, ಟವೆಲಿನ ಕೆಳಗೆ ಮಡಿಸಿಟ್ಟಿದ್ದಾಳೆ. ಅದರ ಮೇಲೆ ಚಪಾತಿ, ಚಟ್ನಿಪುಡಿ ಮತ್ತು ಒಂದು ಪುಟ್ಟ ಡಬ್ಬಿ ಮಿಡಿ ಉಪ್ಪಿನಕಾಯಿ. ‘ಅಲ್ಲಿಯವರ ಮಧ್ಯೆ ಕೂತು ಕೂಗಬೇಡ’ ಎಂಬುದೊಂದೇ ಅವಳ ಬುದ್ಧಿಮಾತು.

ಶನಿವಾರ ಐಪಿಎಲ್‌ನ ಮೊದಲ ಪಂದ್ಯದಲ್ಲಿ, ಈಡನ್ ಗಾರ್ಡನ್ಸಿನಲ್ಲಿ, ನಮ್ಮ ಕೆಂಪು ಜೆರ್ಸಿಯ ಬೆಂಗಳೂರಿನವರು ಕೋಲ್ಕತ್ತಾವನ್ನು ಏಳು ವಿಕೆಟ್‌ಗಳಿಂದ ಸೋಲಿಸಿದ ರಾತ್ರಿಯೇ ಹೋಗುವುದೆಂದು ನಿಶ್ಚಯಿಸಿದ್ದೆ. ಚೆನ್ನೈ ತಂಡದ ತವರು ಮೈದಾನವಾದ ಚೆಪಾಕಿನಲ್ಲಿ ಅವರ ವಿರುದ್ಧ ನಾವು ಗೆದ್ದದ್ದು ಒಂದೇ ಸಲ, ಅದೂ 2008ರಲ್ಲಿ. ಆಗ ನಾನು ನಾಲ್ಕನೇ ತರಗತಿಯಲ್ಲಿದ್ದೆ. ಟಿಕೆಟ್ ಕೊಡಿಸಿದ್ದು ಅಲ್ಲಿ ಕೆಲಸದಲ್ಲಿರುವ ಸೋದರಮಾವನ ಮಗ. ಅವನು ಚೆನ್ನೈ ತಂಡದ ಹಳದಿಯವನು, ಆ ವಿಚಾರವನ್ನು ಇಲ್ಲಿ ಬೆಳೆಸುವುದಿಲ್ಲ.

ರಾತ್ರಿ 7.30, ಭದ್ರಾವತಿ

ಪಕ್ಕದ ಸೀಟು ಇಲ್ಲಿಯವರೆಗೆ ಖಾಲಿಯಿತ್ತು. ಭದ್ರಾವತಿಯಲ್ಲಿ ಬಿಳಿ ಪಂಚೆ ಮತ್ತು ಸ್ವೆಟರಿನ ಒಬ್ಬ ಯಜಮಾನರು ಹತ್ತಿ, ಕೊಡೆಯನ್ನು ಮೇಲಿಟ್ಟು, ಕುಳಿತ ಕೂಡಲೇ ನನ್ನ ಮೊಬೈಲಿನ ಪರದೆಯತ್ತ ಬಗ್ಗಿ ನೋಡಿದರು. ಅದರಲ್ಲಿ ನಾಳೆಯ ಪಂದ್ಯದ ಚರ್ಚೆ ನಡೆಯುತ್ತಿತ್ತು.

‘ಚೆಪಾಕಿಗೇನಪ್ಪ?’

‘ಹೌದು.’

‘ನಮ್ಮೂರವನೊಬ್ಬ ಅಲ್ಲಿ ತೊಂಬತ್ತೇಳು ಹೊಡೆದಿದ್ದ’ ಎಂದರು. ಯಾವಾಗ ಎಂಬುದನ್ನೂ ಹೇಳಲಿಲ್ಲ, ಹೆಸರನ್ನೂ ಹೇಳಲಿಲ್ಲ. ಭದ್ರಾವತಿಯ ನಿಲ್ದಾಣದಲ್ಲಿ ಆ ಹೆಸರನ್ನು ಹೇಳಬೇಕಾದ ಅಗತ್ಯವಿಲ್ಲವೆಂಬುದು ಅವರ ಭಾವನೆಯಿದ್ದಿರಬೇಕು.

ರಾತ್ರಿ 10.05, ಅರಸೀಕೆರೆ ದಾಟಿ ಊಟಕ್ಕೆ ನಿಲ್ಲಿಸಿದ ಹೋಟೆಲು

ಇಷ್ಟು ಹೊತ್ತೂ ಅವರು ಮಾತನಾಡಿದ್ದಾರೆ; ತರೀಕೆರೆ, ಬೀರೂರು, ಕಡೂರು ಯಾವುದೂ ನನ್ನ ಕಣ್ಣಿಗೆ ಬಿದ್ದಿಲ್ಲ. ಬರೆದಿಡದಿದ್ದರೆ ಬೆಳಗಿನೊಳಗೆ ಅರ್ಧ ಮರೆತುಹೋದೀತೆಂದು, ಮಿಡಿಯ ಎಣ್ಣೆ ಹತ್ತಿದ ಬೆರಳಿನಲ್ಲೇ ಪೆನ್ನು ಹಿಡಿದಿದ್ದೇನೆ.

1975ರ ಜನವರಿ, ಪೊಂಗಲ್ ಸಮಯದ ಟೆಸ್ಟ್, ಎದುರಿಗೆ ವೆಸ್ಟ್ ಇಂಡೀಸ್. ಇವರು ಆಗಷ್ಟೇ ಉಕ್ಕಿನ ಕಾರ್ಖಾನೆಗೆ ಸೇರಿದ ಹುಡುಗ. ಆ್ಯಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತ ಇನಿಂಗ್ಸಿನಲ್ಲಿ ಭಾರತದ ಮೊತ್ತ 190. ಅದರಲ್ಲಿ 97 ಗುಂಡಪ್ಪ ವಿಶ್ವನಾಥರೊಬ್ಬರದೇ, ಅದೂ ಔಟಾಗದೆ. ಕ್ಯಾಂಟೀನಿನ ಕಿಟಕಿಯಲ್ಲಿ ಯಾರೋ ಇಟ್ಟಿದ್ದ ಟ್ರಾನ್ಸಿಸ್ಟರಿನ ಸುತ್ತ ಇಪ್ಪತ್ತು ಜನ ನಿಂತಿದ್ದರಂತೆ. ಕೊನೆಯವರಾಗಿ ಬಂದವರು ಚಂದ್ರಶೇಖರ್. ಅವರ ಬ್ಯಾಟಿನ ಮೇಲೆ ದೇವರಿಗೂ ಭರವಸೆಯಿರಲಿಲ್ಲವೆಂದು ಯಜಮಾನರು ನಕ್ಕರು. ‘ಚಂದ್ರು ಒಂದೊಂದು ಚೆಂಡು ತಡೆದಾಗಲೂ ನಾವು ಉಸಿರು ಬಿಡುತ್ತಿದ್ದೆವು ಮಾರಾಯ. ಶತಕಕ್ಕೆ ಮೂರು ರನ್ನು ಬಾಕಿಯಿತ್ತು. ಅಷ್ಟರಲ್ಲಿ ಚಂದ್ರು ಹೋದ.’

ಭಾರತ ಆ ಪಂದ್ಯವನ್ನು ನೂರು ರನ್ನುಗಳಿಂದ ಗೆದ್ದಿತಾದರೂ ಅವರಿಗೆ ನೆನಪಿರುವುದು ಬಾಕಿಯಾದ ಮೂರು ರನ್ನುಗಳೇ. ಮಗಳು ಚೆನ್ನೈಯಲ್ಲಿ ಸಂಸಾರ ಹೂಡಿ ಹದಿನಾಲ್ಕು ವರ್ಷವಾಯಿತು, ವರ್ಷಕ್ಕೊಮ್ಮೆ ಹೋಗುತ್ತಾರೆ, ಚೆಪಾಕಿನ ಒಳಗೆ ಒಮ್ಮೆಯೂ ಕಾಲಿಟ್ಟಿಲ್ಲ. ಏಕೆ ಎಂದು ಕೇಳಿದೆ. ‘ನನ್ನ ಮೈದಾನ ರೇಡಿಯೋದಲ್ಲಿ ಚೆನ್ನಾಗಿದೆ. ನೋಡಿದರೆ ಚಿಕ್ಕದಾಗಿಬಿಟ್ಟರೆ?’ ಎಂದರು.

ರಾತ್ರಿ 11.50, ತಿಪಟೂರಿನ ಆಚೆ

ಬಸ್ಸು ನಿಂತಿದೆ. ಹಿಂದಿನ ಚಕ್ರದ ಗಾಳಿ ಹೋಗಿದೆ, ಸ್ಟೆಪ್ನಿಯಲ್ಲಿಯೂ ಗಾಳಿ ಕಡಿಮೆ. ಗಂಡಸರೆಲ್ಲ ಕೆಳಗಿಳಿದು ಚಾಲಕನಿಗೆ ಸಲಹೆ ಕೊಡುತ್ತಿದ್ದಾರೆ. ಸುತ್ತಲೂ ತೆಂಗಿನ ತೋಟ. ನಮ್ಮ ಕಡೆಯ ರಾತ್ರಿಯಂತೆ ಇಲ್ಲಿ ಹಸಿಮಣ್ಣಿನ ವಾಸನೆಯಿಲ್ಲ, ಒಣಗಿದ ಸೋಗೆಯ ವಾಸನೆ.

ಯಜಮಾನರು ಎಲೆಗೆ ಸುಣ್ಣ ಹಚ್ಚಿ, ಅಡಿಕೆಯನ್ನು ಬೆರಳಲ್ಲಿ ಉರುಳಿಸಿ ನೋಡಿ, ‘ಇದು ಯಾವ ಮಾಲು, ಹೇಳು ನೋಡೋಣ’ ಎಂದರು. ‘ಬೆಟ್ಟೆ’ ಎಂದೆ. ಮಂಡಿಯ ಕೆಲಸ ಇಷ್ಟಕ್ಕಾದರೂ ಒದಗಿತು.

ಅವರು ಹೇಳಿದ ಒಂದು ಮಾತನ್ನು ನಾನು ಒಪ್ಪಲಿಲ್ಲ. ಅಂದು ವಿಶ್ವನಾಥರಿಗೆ ಮದರಾಸಿನವರು ಕೈ ನೋಯುವಷ್ಟು ಚಪ್ಪಾಳೆ ತಟ್ಟಿದರು, ಆದ್ದರಿಂದ ನೀನು ಹೆದರಬೇಕಾಗಿಲ್ಲ ಎಂದರು. ಆದರೆ ಅಂದು ಅವರು ದೇಶಕ್ಕಾಗಿ ಆಡಿದವರು, ಆ ಜನರ ಪಾಲಿಗೂ ತಮ್ಮವರೇ. ನಾನಾದರೋ ಪರಊರಿನ ಅಂಗಳಕ್ಕೆ ಎದುರಾಳಿಯ ಬಣ್ಣ ತೊಟ್ಟು ಹೋಗುವವನು. ಅದನ್ನೇ ಹೇಳಿದೆ. ಬಹಳ ಹೊತ್ತು ಅಡಿಕೆ ಅಗಿದು, ‘ಅದೂ ಸರಿಯೇ’ ಎಂದರು. ವಯಸ್ಸಾದವರು ಹೀಗೆ ಒಪ್ಪಿಕೊಂಡುಬಿಟ್ಟರೆ ವಾದಿಸಿದವನಿಗೇ ಕಸಿವಿಸಿಯಾಗುತ್ತದೆ.

28 ಮಾರ್ಚ್, ಶುಕ್ರವಾರ. ಬೆಳಗಿನ ಜಾವ 3.40, ಬೆಂಗಳೂರು

ನಿದ್ದೆ. ದೀಪಗಳು. ಮತ್ತೆ ನಿದ್ದೆ.

ಬೆಳಿಗ್ಗೆ 7.30, ವೆಲ್ಲೂರಿನ ಸಮೀಪ

ಅಂಗಡಿಗಳ ಬೋರ್ಡುಗಳು ಓದಲಾರದ ಲಿಪಿಗೆ ಹೊರಳಿ ಎಷ್ಟೋ ಹೊತ್ತಾಗಿದೆ. ಚಹಾಕ್ಕೆ ಇಳಿದಲ್ಲಿ ಹಳದಿ ಅಂಗಿಯ ಹುಡುಗನೊಬ್ಬ ನನ್ನ ಚೀಲಕ್ಕೆ ಕಟ್ಟಿದ ಕೆಂಪು ಪಟ್ಟಿಯನ್ನು ನೋಡಿ, ಏಳು ಎಂಬಂತೆ ಬೆರಳು ತೋರಿಸಿ ಧೋನಿಯ ಹೆಸರು ಹೇಳಿದ. ನಾನು ಕೊಹ್ಲಿಯ ಹದಿನೆಂಟು ಎಂದು ಬೆರಳು ತೋರಿಸುವಷ್ಟರಲ್ಲಿ ಅವನ ಬಸ್ಸು ಹೊರಟಿತು. ಹದಿನೆಂಟು ತೋರಿಸಲು ಕೈಬೆರಳು ಸಾಲುವುದಿಲ್ಲವೆಂಬುದು ನಮ್ಮ ಅಭಿಮಾನಿಗಳಿಗಿರುವ ಒಂದು ತೊಂದರೆ.

ಬೆಳಿಗ್ಗೆ 10.20, ಕೋಯಂಬೇಡು

ಒಂದೂವರೆ ಗಂಟೆ ತಡ. ಅಳಿಯನ ಸ್ಕೂಟರು ಕಾಯುತ್ತಿತ್ತು. ಹತ್ತುವ ಮೊದಲು ಯಜಮಾನರು ನನ್ನ ಮೊಬೈಲಿನಲ್ಲಿ ತಮ್ಮ ಸಂಖ್ಯೆಯನ್ನು ತಾವೇ ಒತ್ತಿ ಕೊಟ್ಟು ಹೇಳಿದರು: ‘ಒಳಗೆ ಹೋದಮೇಲೆ ಒಂದು ಕೆಲಸ ಮಾಡು. ಸಮುದ್ರದ ಗಾಳಿ, ಸಮುದ್ರದ ಗಾಳಿ ಎಂದು ಅಂದು ಕಾಮೆಂಟರಿಯಲ್ಲಿ ಹೇಳುತ್ತಿದ್ದರು. ಅದು ನಿಜವಾಗಿಯೂ ಬರುತ್ತದೆಯೋ, ನೋಡಿ ತಿಳಿಸು.’

ಸಂಜೆ 7.10, ಚೆಪಾಕ್

ಜೆರ್ಸಿ ತೊಟ್ಟಿದ್ದೇನೆ. ನನ್ನ ಸಾಲಿನಲ್ಲಿ ಎಣಿಸಿದಷ್ಟೂ ಹಳದಿ. ನಾಲ್ಕು ಸಾಲು ಕೆಳಗೆ ಕೆಂಪಿನ ಒಂದು ಕುಟುಂಬ, ಅವರ ಮಗು ನನ್ನತ್ತ ತಿರುಗಿ ಕೈ ಬೀಸಿತು. ಹಳದಿಯವರು ಬೈದಿಲ್ಲ, ಮೊಣಕೈ ಒತ್ತಿ ಕುಳಿತು, ತಮ್ಮ ಕಡಲೆಯ ಪೊಟ್ಟಣವನ್ನು ನನ್ನ ಕಡೆಗೂ ಚಾಚಿದರು, ಅಷ್ಟೆ. ಟಾಸ್ ಗೆದ್ದ ಚೆನ್ನೈ ಫೀಲ್ಡಿಂಗ್ ಆಯ್ದುಕೊಂಡಿದೆ. ನಮ್ಮದೇ ಮೊದಲ ಬ್ಯಾಟಿಂಗ್.

ಯಜಮಾನರ ಮಾತು ನೆನಪಾಗಿ ಎದ್ದು ನಿಂತು ಮುಖವೊಡ್ಡಿದೆ. ಇಷ್ಟು ಜನರ ಬೆವರಿನ ನಡುವೆಯೂ ಒಂದು ಕಡೆಯಿಂದ ಉಪ್ಪುಪ್ಪಾದ ಗಾಳಿ ಬಂದು ಕೆನ್ನೆಗೆ ಅಂಟಿತು. ‘ಬರುತ್ತಿದೆ. ಮೈದಾನ ಚಿಕ್ಕದಾಗಿ ಕಾಣುವುದಿಲ್ಲ’ ಎಂದು ಸಂದೇಶ ಕಳುಹಿಸಿದೆ.

ಕೂಡಲೇ ಉತ್ತರ ಬಂತು: ‘ರಾಬರ್ಟ್ಸ್ ಯಾವ ಕಡೆಯಿಂದ ಓಡಿ ಬಂದಿರಬಹುದು, ಅಂದಾಜು ಮಾಡಿ ಹೇಳು.’

ಎರಡೂ ತುದಿಗಳನ್ನು ನೋಡುತ್ತಿದ್ದೇನೆ. ಆಟಗಾರರು ಇಳಿಯುತ್ತಿದ್ದಾರೆ, ಸದ್ದಿಗೆ ಕಾಲ ಕೆಳಗಿನ ಸಿಮೆಂಟು ನಡುಗುತ್ತಿದೆ, ಬರೆಯಲು ಆಗುತ್ತಿಲ್ಲ.